ದರ, ಕೆಲಸದ ವ್ಯಾಪ್ತಿ, ದಿನಾಂಕ: ಅನುವಾದಕ್ಕೆ ಪ್ರಪೋಸಲ್ ಮೇಲ್ ಬರೆಯುವುದು ಹೇಗೆ?

ಪ್ರಶ್ನೆ: ನಾನು ಮೈಸೂರಿನವಳು. ಶಾಲೆಯ ಕೆಲಸ ಬಿಟ್ಟು ಈಗ ಮನೆಯಿಂದಲೇ ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡ್ತಿದ್ದೀನಿ. ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆ ಆಶಾ ಕಾರ್ಯಕರ್ತೆಯರ ತರಬೇತಿ ಕೈಪಿಡಿಯ ವರ್ಡ್ ಫೈಲ್ ಕಳಿಸಿ, "ನಿಮ್ಮ ಪ್ರಪೋಸಲ್ ಮೇಲ್ ಮಾಡಿ, ರೇಟು, ಯಾವಾಗ ಸಿಗ್ತೀರಿ ಎಲ್ಲಾ ತಿಳಿಸಿ" ಅಂದಿದ್ದಾರೆ. ಆರು ಅಧ್ಯಾಯ, ವರ್ಡ್ 24,000 ಪದ ತೋರಿಸುತ್ತೆ. ಚಿತ್ರಗಳ ಒಳಗೂ ಇಂಗ್ಲಿಷ್ ಇದೆ. ನಾನು ದಿನಕ್ಕೆ ಸುಮಾರು 1,500 ಪದ ಮಾಡಬಲ್ಲೆ. ಇದುವರೆಗೆ ಪದಕ್ಕೆ 2 ರೂಪಾಯಿ ತಗೊಂಡಿದ್ದೀನಿ, ಆದ್ರೆ ಸಾಲ್ತಿಲ್ಲ. ದರ ಮೊದಲೇ ಬರೆದರೆ ಕೆಲಸ ಕೈತಪ್ಪುತ್ತಾ? ಮೇಲ್‌ನಲ್ಲಿ ಏನೇನು ಇರಬೇಕು?

ಉತ್ತರ: ದರ ಬರೆಯಿರಿ. ಅವರೇ ಕೇಳಿದ್ದಾರೆ. ಬರೆಯದೆ "ಫೋನಿನಲ್ಲಿ ಮಾತಾಡೋಣ" ಅಂದರೆ ನಿಮ್ಮ ಮೇಲ್ ಅಲ್ಲೇ ಉಳಿಯುತ್ತದೆ. ಆ ಸಂಸ್ಥೆಯಲ್ಲಿ ನಿಮ್ಮ ಜೊತೆ ಮಾತಾಡಿದವರು ಒಬ್ಬರು, ಹಣಕ್ಕೆ ಒಪ್ಪಿಗೆ ಕೊಡುವವರು ಇನ್ನೊಬ್ಬರು. ಮೊದಲನೆಯವರು ನಿಮ್ಮ ಮೇಲನ್ನು ಹಾಗೇ ಎರಡನೆಯವರಿಗೆ ಫಾರ್ವರ್ಡ್ ಮಾಡುತ್ತಾರೆ. ನಿಮ್ಮನ್ನು ನೋಡದ, ನಿಮ್ಮ ದನಿ ಕೇಳದ ಆ ಎರಡನೆಯವರಿಗೆ ಮೇಲ್ ಓದಿದ ಕೂಡಲೇ ಮೂರು ವಿಷಯ ಗೊತ್ತಾಗಬೇಕು: ಒಟ್ಟು ಎಷ್ಟು ಹಣ, ಅದಕ್ಕೆ ಏನು ಸಿಗುತ್ತದೆ, ಯಾವ ದಿನ ಸಿಗುತ್ತದೆ.

ಆದರೆ ನೀವು ದರದಿಂದ ಶುರು ಮಾಡಬೇಡಿ. ಪದಕ್ಕೆ ಇಷ್ಟು ಅನ್ನುವ ಮಾತಿಗೆ, ಯಾವ ಪದ, ಯಾರು ಎಣಿಸಿದ್ದು, ಆ ಹಣದಲ್ಲಿ ಏನೇನು ಸೇರಿದೆ ಅನ್ನುವುದು ಗೊತ್ತಾಗುವ ತನಕ ಅರ್ಥವೇ ಇಲ್ಲ. ಹಾಗಾಗಿ ಕೆಲಸದ ವ್ಯಾಪ್ತಿ ಮೊದಲು. ಅದು ಗಟ್ಟಿಯಾದರೆ ದರವೂ ದಿನಾಂಕವೂ ಅದರಿಂದಲೇ ಲೆಕ್ಕ ಹಾಕಿ ಬರುತ್ತವೆ.

ಮೊದಲು ಎಣಿಕೆ

ಇಂಗ್ಲಿಷ್ ಪದವೋ ಕನ್ನಡ ಪದವೋ ಅನ್ನುವುದು ಮೇಲ್‌ನಲ್ಲಿ ಸ್ಪಷ್ಟವಾಗಿ ಇರಲೇಬೇಕು. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುವುದರಿಂದ ಎರಡರ ಲೆಕ್ಕ ಬೇರೆ ಬೇರೆ ಬರುತ್ತದೆ. ನಿಮ್ಮ ಕೈಪಿಡಿಯಲ್ಲೇ ಇರಬಹುದಾದ ಒಂದು ವಾಕ್ಯ ನೋಡಿ: "ಡು ನಾಟ್ ಗಿವ್ ವಾಟರ್ ಟು ದ ಬೇಬಿ ಬಿಫೋರ್ ಸಿಕ್ಸ್ ಮಂತ್ಸ್." ಹತ್ತು ಪದ. ಕನ್ನಡದಲ್ಲಿ "ಆರು ತಿಂಗಳು ತುಂಬುವವರೆಗೆ ಮಗುವಿಗೆ ನೀರು ಕೊಡಬೇಡಿ." ಆರೇ ಪದ. ಎಲ್ಲ ವಾಕ್ಯವೂ ಇಷ್ಟು ಚಿಕ್ಕದಾಗುವುದಿಲ್ಲ. ಆದರೂ ಇಡೀ ಪುಸ್ತಕದಲ್ಲಿ ಮೂರನೇ ಒಂದು ಭಾಗ ಕಡಿಮೆಯಾದರೆ 60,000 ರೂಪಾಯಿ ಅಂದುಕೊಂಡ ಬಿಲ್ಲು 40,000ಕ್ಕೆ ಇಳಿಯುತ್ತದೆ. ನೀವು ಒಂದು ಅಂದುಕೊಂಡು, ಅವರು ಇನ್ನೊಂದು ಅಂದುಕೊಂಡು ಕೆಲಸ ಮುಗಿದ ಮೇಲೆ ಜಗಳ ಆಗುವುದು ಇಲ್ಲಿಯೇ. "ಮೂಲ ಇಂಗ್ಲಿಷ್ ಪದಗಳ ಎಣಿಕೆ" ಎಂದು ಬರೆಯಿರಿ. ಇದರಿಂದ ಅವರಿಗೂ ಒಳ್ಳೆಯದು. ಕೆಲಸ ಶುರುವಾಗುವ ಮುಂಚೆಯೇ ಒಟ್ಟು ಖರ್ಚು ಎಷ್ಟೆಂದು ಗೊತ್ತಾಗುತ್ತದೆ, ನೀವು ವಾಕ್ಯ ಉದ್ದ ಮಾಡಿದಿರಿ ಅನ್ನುವ ಅನುಮಾನಕ್ಕೂ ಜಾಗವಿಲ್ಲ.

ಇನ್ನು ಆ 24,000. ವರ್ಡ್‌ನ ಪದ ಎಣಿಕೆಯ ಪೆಟ್ಟಿಗೆ ತೆರೆದರೆ ಕೆಳಗೆ ಪಠ್ಯಪೆಟ್ಟಿಗೆ ಮತ್ತು ಅಡಿಟಿಪ್ಪಣಿಗಳನ್ನು ಸೇರಿಸಬೇಕೇ ಎಂದು ಕೇಳುವ ಒಂದು ಟಿಕ್ ಇರುತ್ತದೆ. ಅದು ಆನ್ ಆಗಿದೆಯಾ ನೋಡಿ. ತರಬೇತಿ ಕೈಪಿಡಿಗಳಲ್ಲಿ "ನೆನಪಿಡಿ", "ಗಮನಿಸಿ" ಅನ್ನುವ ಬಣ್ಣದ ಪೆಟ್ಟಿಗೆಗಳು ಬಹಳ. ಟಿಕ್ ಇಲ್ಲದಿದ್ದರೆ ಅವು ಲೆಕ್ಕದಿಂದಲೇ ಹೊರಗೆ. ಟಿಕ್ ಹಾಕಿದ ಮೇಲೂ ಚಿತ್ರದ ಒಳಗಿನ ಅಕ್ಷರಗಳು ಬರುವುದಿಲ್ಲ, ಯಾಕೆಂದರೆ ವರ್ಡ್‌ಗೆ ಅದು ಬರೀ ಚಿತ್ರ. ಒಂದು ಗಂಟೆ ಕೂತು ಕೈಯಲ್ಲೇ ಎಣಿಸಿ. ಟಿಕ್ ಹಾಕಿದ ಮೇಲೂ 24,000 ಇದೆ, ಚಿತ್ರಗಳಲ್ಲಿ 1,100 ಪದ ಸಿಕ್ಕಿತು ಎಂದು ಇಟ್ಟುಕೊಳ್ಳೋಣ. ಹಾಗಾದರೆ ನಿಮ್ಮ ಕೆಲಸ 25,100 ಪದ. ಮೇಲ್‌ನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ಯಾಕೆ ಅಂತ ಚೌಕಾಸಿಯ ಹತ್ತಿರ ಬಂದಾಗ ಹೇಳುತ್ತೇನೆ.

ಏನು ಸೇರಿದೆ, ಏನು ಸೇರಿಲ್ಲ

ಅನುವಾದಕ್ಕೆ ಹಣ ಕೊಡುವವರ ಮನಸ್ಸಿನಲ್ಲಿ ಅಚ್ಚಾದ ಪುಸ್ತಕ ಇರುತ್ತದೆ. ನಿಮ್ಮ ಮನಸ್ಸಿನಲ್ಲಿ ಒಂದು ವರ್ಡ್ ಫೈಲ್ ಇರುತ್ತದೆ. ಇವೆರಡರ ನಡುವೆ ಇನ್ನೂ ಎಷ್ಟೋ ಕೆಲಸ ಇದೆ. ಬರೆದು ತಿಳಿಸದಿದ್ದರೆ ಅದೆಲ್ಲ ನಿಮ್ಮ ತಲೆಗೇ ಬರುತ್ತದೆ.

ಇದರಲ್ಲಿ ಜಾಸ್ತಿ ತೊಂದರೆ ಕೊಡುವುದು ಪುಟ ವಿನ್ಯಾಸ, ನಮ್ಮ ಮಾತಿನಲ್ಲಿ ಡಿಟಿಪಿ. ನೀವು ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕೊಟ್ಟ ಫೈಲನ್ನು ಅವರ ಡಿಟಿಪಿಯವರು ಇನ್‌ಡಿಸೈನ್‌ಗೆ ಹಾಕುತ್ತಾರೆ. ಆ ಸಾಫ್ಟ್‌ವೇರಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆಯ್ಕೆ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬರುತ್ತವೆ. ಕೆಲವರು ಇನ್ನೂ ಹಳೆಯ ನುಡಿ ಫಾಂಟ್‌ಗೆ ಪರಿವರ್ತಿಸಿಕೊಂಡು ಕೆಲಸ ಮಾಡುತ್ತಾರೆ. ಆ ಪರಿವರ್ತನೆಯಲ್ಲಿ ಅರ್ಕಾವೊತ್ತು ಜಾಗ ತಪ್ಪಬಹುದು. ಅಕ್ಷರಗಳನ್ನು ಬೇರ್ಪಡಿಸಿ ಇಡುವ ಕಾಣದ ಗುರುತು ಕಳೆದುಹೋಗಬಹುದು. ನೀವು ಬರೆದ "ಬ್ಯಾಂಕ್‌ನಲ್ಲಿ" ಅನ್ನುವುದು ಪಿಡಿಎಫ್‌ನಲ್ಲಿ "ಬ್ಯಾಂಕ್ನಲ್ಲಿ" ಆಗಿ ಬರುತ್ತದೆ. ಆಗ ಫೋನು ಬರುವುದು ಅನುವಾದ ಮಾಡಿದವರಿಗೆ: "ಮೇಡಂ, ತುಂಬಾ ತಪ್ಪುಗಳಿವೆ." ಡಿಟಿಪಿಯವರಿಗೆ ಕನ್ನಡ ಓದಲು ಬರದಿದ್ದರೆ ಇದು ಮೂರು ನಾಲ್ಕು ಸುತ್ತು ನಡೆಯುತ್ತದೆ.

ಇದಕ್ಕೆ ಎರಡು ಸಾಲು ಸಾಕು. ನಾನು ಕೊಡುವುದು ಯುನಿಕೋಡ್ ವರ್ಡ್ ಫೈಲ್. ಡಿಟಿಪಿ ಆದ ಮೇಲೆ ಪಿಡಿಎಫ್ ಅನ್ನು ಒಂದು ಸಲ ಪೂರ್ತಿ ಓದಿ ತಪ್ಪುಗಳನ್ನು ಗುರುತಿಸಿ ಕೊಡುತ್ತೇನೆ, ಅದಕ್ಕಿಂತ ಹೆಚ್ಚಿನ ಸುತ್ತುಗಳಿಗೆ ಗಂಟೆ ಲೆಕ್ಕ. ಆ ಒಂದು ಓದನ್ನು ದರದ ಒಳಗೇ ಇಡಿ, ಬೇರೆ ಮಾಡಬೇಡಿ ಅನ್ನುವುದು ನನ್ನ ಸಲಹೆ. ಆಶಾ ಕಾರ್ಯಕರ್ತೆ ಕೈಯಲ್ಲಿ ಹಿಡಿಯುವುದು ನಿಮ್ಮ ವರ್ಡ್ ಫೈಲನ್ನಲ್ಲ, ಆ ಪುಸ್ತಕವನ್ನು. ಔಷಧಿಯ ಪ್ರಮಾಣದ ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಜಾರಿದರೂ ಅಪಾಯ. ಅದನ್ನು ಹಿಡಿಯಲು ಮೂಲವೂ ಅನುವಾದವೂ ಚೆನ್ನಾಗಿ ಗೊತ್ತಿರುವವರು ನೀವೇ.

ಎರಡನೆಯ ತಲೆನೋವು ತಿದ್ದುಪಡಿ. "ತಿದ್ದುಪಡಿ ಉಚಿತ" ಎಂದು ಬರೆದರೆ ಅದಕ್ಕೆ ಕೊನೆಯೇ ಇರುವುದಿಲ್ಲ. ತಪ್ಪು ತಿದ್ದುವುದು ಬೇರೆ, ಇಷ್ಟ ಬದಲಾಯಿಸುವುದು ಬೇರೆ. ಅರ್ಥ ತಪ್ಪಿದ್ದರೆ, ಸಾಲು ಬಿಟ್ಟುಹೋಗಿದ್ದರೆ, ಕಾಗುಣಿತ ತಪ್ಪಿದ್ದರೆ ಅದನ್ನು ಯಾವಾಗ ಕೇಳಿದರೂ ಸರಿಪಡಿಸಿ ಕೊಡಬೇಕು, ಹಣ ಕೇಳಬಾರದು. ಆದರೆ ಅವರ ಕಚೇರಿಯಲ್ಲಿ ಮೈಸೂರು ಕಡೆಯವರು "ಬಸುರಿ" ಬೇಡ "ಗರ್ಭಿಣಿ" ಹಾಕಿ ಅಂದು, ಅದಾದ ಮೇಲೆ ಕಲಬುರಗಿಯಿಂದ ಇನ್ನೊಬ್ಬರು "ಜನರಿಗೆ ಅರ್ಥವಾಗೋ ಹಾಗೆ ಬಸುರಿ ಅಂತಲೇ ಇರಲಿ" ಅಂದರೆ, ಆ ಎರಡನೆಯ ಸುತ್ತಿನ ಕೆಲಸ ನಿಮ್ಮ ತಪ್ಪಿನಿಂದ ಬಂದದ್ದಲ್ಲ.

ಇದನ್ನು ತಡೆಯುವ ದಾರಿ ಪದಪಟ್ಟಿ. ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುವ ಐವತ್ತು ಅರವತ್ತು ಪದಗಳನ್ನು ಮೊದಲೇ ತೆಗೆದು ನೀವು ಯಾವ ಕನ್ನಡ ಪದ ಬಳಸುತ್ತೀರಿ ಎಂದು ಎದುರಿಗೆ ಬರೆಯಿರಿ. ಅನೀಮಿಯಾಗೆ ರಕ್ತಹೀನತೆಯಾ? ಡಯರಿಯಾಗೆ ಭೇದಿಯಾ, ಅತಿಸಾರವಾ? ಇಮ್ಯುನೈಸೇಶನ್‌ಗೆ ಲಸಿಕೆ ಹಾಕಿಸುವುದು ಸಾಕಾ? ಇದನ್ನು ಕೆಲಸದ ಮೊದಲ ದಿನಗಳಲ್ಲೇ ಕಳಿಸಿ ಒಪ್ಪಿಗೆ ತೆಗೆದುಕೊಳ್ಳುವುದಾಗಿ ಪ್ರಪೋಸಲ್‌ನಲ್ಲೇ ಹೇಳಿ. ಒಪ್ಪಿದ ಮೇಲೆ ಪದ ಬದಲಾಯಿಸಿದರೆ ಗಂಟೆ ಲೆಕ್ಕ. ಇದನ್ನು ಓದಿದ ಕೂಡಲೇ ಅವರಿಗೆ ನೀವು ಇಂಥ ಕೆಲಸ ಬಲ್ಲವರು ಅನ್ನುವುದೂ ಗೊತ್ತಾಗುತ್ತದೆ. ಅದಕ್ಕಾಗಿ ಬೇರೆ ಒಂದು ಪ್ಯಾರಾ ಬರೆಯಬೇಕಾಗಿಲ್ಲ.

ಈಗ ದರ

ನಿಮ್ಮ ದಿನಗಳನ್ನು ಎಣಿಸಿ. ದಿನಕ್ಕೆ 1,500ರಂತೆ 25,100 ಪದಕ್ಕೆ 17 ದಿನ. ನಿಮ್ಮದೇ ಅನುವಾದವನ್ನು ಮೂಲದ ಜೊತೆ ಇಟ್ಟು ಮತ್ತೆ ಓದಲು 4 ದಿನ. ಪದಪಟ್ಟಿಗೆ 1 ದಿನ, ಅವರ ಟಿಪ್ಪಣಿಗಳನ್ನು ಸೇರಿಸಲು 2 ದಿನ, ಪಿಡಿಎಫ್ ಓದಲು 1 ದಿನ. ಒಟ್ಟು 25 ದಿನ. ಪದಕ್ಕೆ 2 ರೂಪಾಯಿ ಹಾಕಿದರೆ 50,200 ರೂಪಾಯಿ. ಅಂದರೆ ದಿನಕ್ಕೆ ಸುಮಾರು 2,000. ನಿಮಗೆ ಸಾಲುತ್ತಿಲ್ಲ ಅನ್ನುವುದಕ್ಕೆ ಕಾರಣ ಇಲ್ಲೇ ಕಾಣುತ್ತದೆ. ನೀವು 17 ದಿನದ ಲೆಕ್ಕ ಹಾಕಿ ದಿನಕ್ಕೆ 3,000 ಬರುತ್ತದೆ ಅಂದುಕೊಂಡಿರುತ್ತೀರಿ. ಉಳಿದ 8 ದಿನಕ್ಕೆ ಹಣವೇ ಇಲ್ಲ.

ದಿನಕ್ಕೆ 2,500 ಬೇಕು ಅಂದುಕೊಂಡರೆ ಪದಕ್ಕೆ 2.50 ರೂಪಾಯಿ, ಒಟ್ಟು 62,750. ನಿಮಗೆ ದಿನಕ್ಕೆ ಎಷ್ಟು ಬೇಕು ಅನ್ನುವುದನ್ನು ನೀವೇ ನಿರ್ಧರಿಸಬೇಕು. ಲ್ಯಾಪ್‌ಟಾಪ್, ಇಂಟರ್ನೆಟ್, ಕೆಲಸ ಇಲ್ಲದ ವಾರಗಳು, ಎಲ್ಲವನ್ನೂ ಆ ಅಂಕಿಯೇ ತೂಗಿಸಬೇಕು. ನಾನು ಮುಂದಿನ ಮಾದರಿಯಲ್ಲಿ 2.50 ಎಂದೇ ಹಾಕಿದ್ದೇನೆ.

ಬರೆಯುವಾಗ ಒಂದೇ ಅಂಕಿ ಬರೆಯಿರಿ. "2ರಿಂದ 3 ರೂಪಾಯಿ" ಎಂದರೆ ಅವರ ಕಣ್ಣಿಗೆ ಬೀಳುವುದು 2 ಮಾತ್ರ. "ದರ ಮಾತುಕತೆಗೆ ಮುಕ್ತ" ಅನ್ನುವ ಸಾಲೂ ಬೇಡ. ಅವರು ಕೇಳುವ ಮುಂಚೆಯೇ ನೀವು ಇಳಿದಂತೆ ಆಗುತ್ತದೆ. ಪದದ ದರದ ಪಕ್ಕದಲ್ಲೇ ಒಟ್ಟು ಮೊತ್ತ ಕೊಡಿ, ಯಾಕೆಂದರೆ ಬಜೆಟ್ ಹಾಳೆಗೆ ಹೋಗುವುದು ಅದೇ.

ತೆರಿಗೆ ವಿಷಯ ಮೂರು ಸಾಲಿನಲ್ಲಿ ಮುಗಿಸಿ. ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ನೋಂದಣಿ ಇಲ್ಲದವರು ಬಿಲ್ಲಿಗೆ ಜಿಎಸ್‌ಟಿ ಸೇರಿಸುವ ಹಾಗಿಲ್ಲ. ಅಕೌಂಟ್ಸ್‌ನವರು ಇದನ್ನು ಹೇಗೂ ಕೇಳುತ್ತಾರೆ, ಮೊದಲೇ ಹೇಳಿಬಿಡಿ. ಟಿಡಿಎಸ್ ಇನ್ನೊಂದು. ವೃತ್ತಿ ಶುಲ್ಕವೆಂದು ಕೊಡುವ ಹಣ ವರ್ಷಕ್ಕೆ 50,000 ದಾಟಿದರೆ ಅವರು 10% ಹಿಡಿದುಕೊಂಡು ಕೊಡುತ್ತಾರೆ. 62,750ರಲ್ಲಿ 6,275 ಹೋಗಿ 56,475 ನಿಮ್ಮ ಖಾತೆಗೆ ಬರುತ್ತದೆ. ಆ 6,275 ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟಿರುತ್ತಾರೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ಪ್ಯಾನ್ ಕೊಡದಿದ್ದರೆ ಮಾತ್ರ 20% ಹಿಡಿಯುತ್ತಾರೆ.

ಹಣ ಯಾವಾಗ ಬರಬೇಕು ಅನ್ನುವುದನ್ನು ನಿಮ್ಮ ಕೈಯಲ್ಲಿರುವ ಘಟನೆಗೆ ಕಟ್ಟಿ. "ಪುಸ್ತಕ ಅಚ್ಚಾದ ಮೇಲೆ ಬಾಕಿ" ಎಂದು ಒಪ್ಪಿಕೊಂಡರೆ ಅಚ್ಚು ಆರು ತಿಂಗಳು ತಡವಾದಾಗ ನಿಮ್ಮ ಹಣವೂ ಆರು ತಿಂಗಳು ತಡ. "ಅನುಮೋದನೆ ಆದ ಮೇಲೆ" ಅನ್ನುವುದೂ ಅಷ್ಟೇ. ಓದಬೇಕಾದ ಡಾಕ್ಟರು ಫೀಲ್ಡಿನಲ್ಲಿದ್ದಾರೆ ಅನ್ನುವ ಉತ್ತರ ಬರುತ್ತಲೇ ಇರುತ್ತದೆ. ಫೈಲ್ ಕೊಟ್ಟ ದಿನದಿಂದ ಎಣಿಸುವ ಹಾಗೆ ಬರೆಯಿರಿ. 30% ಮುಂಗಡ, 40% ಆರೂ ಅಧ್ಯಾಯ ಕೊಟ್ಟಾಗ, ಉಳಿದ 30% ತಿದ್ದಿದ ಫೈಲ್ ಕೊಟ್ಟಾಗ ಅಥವಾ ಆರೂ ಅಧ್ಯಾಯ ಕೊಟ್ಟು 21 ದಿನ ಆದಾಗ, ಯಾವುದು ಮೊದಲೋ ಅದು.

ಇಲ್ಲಿ ಒಂದು ಕೆಲಸ ಈಗಲೇ ಮಾಡಿಕೊಳ್ಳಿ. ಸಣ್ಣ ಉದ್ಯಮಗಳಿಗಾಗಿ ಇರುವ ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ, ಮನೆಯಿಂದ ಒಬ್ಬರೇ ಸೇವೆ ಕೊಡುವವರೂ ಮಾಡಿಸಬಹುದು. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಹೀಗೆ ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು, ಆ ಗಡುವು 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಕೆಲಸ ಶುರುವಾಗುವ ಮುಂಚೆಯೇ ನೋಂದಣಿ ಆಗಿರಲಿ. ಪ್ರಪೋಸಲ್‌ನಲ್ಲಿ ಬಡ್ಡಿಯ ಮಾತು ಎತ್ತಬೇಡಿ, ಮೊದಲ ಮೇಲ್‌ನಲ್ಲೇ ಅದು ಬೆದರಿಕೆಯಂತೆ ಕೇಳುತ್ತದೆ. ಸಹಿಯ ಕೆಳಗೆ ಉದ್ಯಮ್ ಸಂಖ್ಯೆ ಹಾಕಿ, ಸಾಕು. ಅಕೌಂಟ್ಸ್‌ನವರಿಗೆ ಅರ್ಥವಾಗುತ್ತದೆ.

ಯಾವಾಗ ಸಿಗ್ತೀರಿ

"ತಕ್ಷಣ ಲಭ್ಯ" ಅನ್ನುವುದರಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ. ಅವರಿಗೆ ಬೇಕಾಗಿರುವುದು ಯಾವ ದಿನ ಯಾವ ಅಧ್ಯಾಯ ಕೈಗೆ ಬರುತ್ತದೆ ಅನ್ನುವುದು. ತರಬೇತಿಯ ದಿನ ನಿಗದಿಯಾಗಿರುತ್ತದೆ, ಅದಕ್ಕೆ ಹಿಂದಿನಿಂದ ಎಣಿಸಿಕೊಂಡು ಬರುತ್ತಿರುತ್ತಾರೆ. ನಿಮ್ಮ ಲೆಕ್ಕದಲ್ಲಿ ಪದಪಟ್ಟಿ, ಅನುವಾದ, ಮರು ಓದು ಸೇರಿ 22 ದಿನ. ವಾರಕ್ಕೆ ಐದು ದಿನ ಕೆಲಸ ಮಾಡಿದರೆ ನಾಲ್ಕೂವರೆ ವಾರ. ಅದಕ್ಕೆ ಎರಡು ಮೂರು ದಿನ ಸೇರಿಸಿ ಐದು ವಾರ ಎಂದು ಹೇಳಿ. ಜ್ವರ ಬರಬಹುದು, ಕರೆಂಟು ಹೋಗಬಹುದು, ಮೈಸೂರಿನಲ್ಲಿ ದಸರಾ ಹೊತ್ತಿಗೆ ಮನೆ ತುಂಬ ನೆಂಟರು ಇರಬಹುದು. ಹಬ್ಬದ ರಜೆ ಇದ್ದರೆ ಮುಚ್ಚಿಡದೆ ಬರೆಯಿರಿ.

ದಿನಾಂಕಕ್ಕೆ ಎರಡು ಷರತ್ತು ಕಟ್ಟಿ. ಒಂದು, ಅಂತಿಮ ಫೈಲ್ ಮತ್ತು ಮುಂಗಡ ಯಾವ ದಿನದೊಳಗೆ ಬಂದರೆ ಈ ವೇಳಾಪಟ್ಟಿ ನಡೆಯುತ್ತದೆ ಅನ್ನುವುದು. "ಅಂತಿಮ" ಅನ್ನುವ ಮಾತು ಬೇಕೇ ಬೇಕು. ಅರ್ಧ ಕೆಲಸ ಆದ ಮೇಲೆ "ಇದು ಹೊಸ ವರ್ಷನ್, ಸ್ವಲ್ಪ ಚೇಂಜ್ ಆಗಿದೆ" ಎಂದು ಇನ್ನೊಂದು ಫೈಲ್ ಬರುವುದು ಈ ಕೆಲಸದಲ್ಲಿ ಮಾಮೂಲು. ಆ ಸ್ವಲ್ಪ ಎಲ್ಲೆಲ್ಲಿ ಎಂದು ಹುಡುಕುವುದಕ್ಕೇ ಒಂದು ದಿನ ಹೋಗುತ್ತದೆ. ಇನ್ನೊಂದು, ಈ ದರ ಮತ್ತು ದಿನಾಂಕ ಎಲ್ಲಿಯವರೆಗೆ ನಿಲ್ಲುತ್ತದೆ ಅನ್ನುವುದು. ಇಲ್ಲದಿದ್ದರೆ ಮೂರು ತಿಂಗಳು ಬಿಟ್ಟು, ನೀವು ಬೇರೆ ಕೆಲಸ ಹಿಡಿದಿರುವಾಗ, ಇದೇ ಮೇಲ್‌ಗೆ "ಓಕೆ, ನಾಳೆಯಿಂದ ಶುರು ಮಾಡಿ" ಎಂದು ಉತ್ತರ ಬರುತ್ತದೆ.

ಮೇಲ್ ಹೀಗಿರಲಿ

ಅವರು ಇಂಗ್ಲಿಷ್‌ನಲ್ಲಿ ಬರೆದಿದ್ದರೆ ನೀವೂ ಇಂಗ್ಲಿಷ್‌ನಲ್ಲಿ ಬರೆಯಿರಿ, ಕನ್ನಡದಲ್ಲಾದರೆ ಕನ್ನಡದಲ್ಲಿ. ಪ್ರಪೋಸಲನ್ನು ಅಟ್ಯಾಚ್‌ಮೆಂಟ್ ಆಗಿ ಮಾಡಬೇಡಿ. ಫಾರ್ವರ್ಡ್ ಆದಾಗ ಮೊಬೈಲಿನಲ್ಲೇ ಓದಲು ಆಗಬೇಕು.

> ವಿಷಯ: ಆಶಾ ತರಬೇತಿ ಕೈಪಿಡಿಯ ಕನ್ನಡ ಅನುವಾದ: ಒಟ್ಟು ₹62,750, ಸೆಪ್ಟೆಂಬರ್ 4ಕ್ಕೆ ಪೂರ್ಣ
>
> ನಮಸ್ಕಾರ ಮೇಡಂ,
>
> ನೀವು ಕಳಿಸಿದ ಕೈಪಿಡಿಯನ್ನು ಪೂರ್ತಿ ನೋಡಿದೆ. ಆರು ಅಧ್ಯಾಯಗಳ ಅನುವಾದವನ್ನು ₹62,750ಕ್ಕೆ ಮಾಡಿಕೊಡಬಲ್ಲೆ. ಆಗಸ್ಟ್ 3ರಂದು ಶುರು ಮಾಡಿದರೆ ಸೆಪ್ಟೆಂಬರ್ 4ಕ್ಕೆ ಎಲ್ಲ ಅಧ್ಯಾಯಗಳೂ ನಿಮ್ಮ ಕೈಯಲ್ಲಿರುತ್ತವೆ. ವಿವರ ಹೀಗಿದೆ.
>
> ಕೆಲಸ: ಮುಖ್ಯ ಪಠ್ಯ 24,000 ಪದ, ಚಿತ್ರಗಳೊಳಗಿನ ಬರಹ 1,100 ಪದ (ಎರಡೂ ಮೂಲ ಇಂಗ್ಲಿಷ್ ಎಣಿಕೆ). ಮೊದಲು ಮುಖ್ಯ ಪದಗಳ ಪಟ್ಟಿ ಕಳಿಸಿ ನಿಮ್ಮ ಒಪ್ಪಿಗೆ ಪಡೆಯುತ್ತೇನೆ. ಅನುವಾದವನ್ನು ಯುನಿಕೋಡ್ ವರ್ಡ್ ಫೈಲ್‌ನಲ್ಲಿ ಕೊಡುತ್ತೇನೆ. ಚಿತ್ರಗಳ ಬರಹವನ್ನು ಚಿತ್ರ ಸಂಖ್ಯೆಯೊಂದಿಗೆ ಪಟ್ಟಿಯಾಗಿ ಕೊಡುತ್ತೇನೆ. ನಿಮ್ಮ ಎಲ್ಲ ಪರಿಶೀಲಕರ ಟಿಪ್ಪಣಿಗಳನ್ನು ಒಟ್ಟಿಗೆ ಕಳಿಸಿದರೆ ಒಂದು ಸುತ್ತು ತಿದ್ದುಪಡಿ, ಪುಟ ವಿನ್ಯಾಸದ ನಂತರ ಪಿಡಿಎಫ್ ಅನ್ನು ಒಂದು ಸಲ ಪೂರ್ತಿ ಓದುವುದು ಇದರಲ್ಲಿ ಸೇರಿದೆ. ಅನುವಾದದ ತಪ್ಪು ಯಾವಾಗ ಕಂಡರೂ ಶುಲ್ಕವಿಲ್ಲದೆ ಸರಿಪಡಿಸುತ್ತೇನೆ.
>
> ಸೇರಿಲ್ಲದ್ದು: ಪುಟ ವಿನ್ಯಾಸ, ಚಿತ್ರಗಳ ಮೇಲೆ ಅಕ್ಷರ ಕೂರಿಸುವುದು, ಬೇರೆ ಫಾಂಟ್‌ಗೆ ಪರಿವರ್ತನೆ. ಒಪ್ಪಿದ ಪದಪಟ್ಟಿ ಬದಲಾದರೆ ಅಥವಾ ಹೆಚ್ಚಿನ ಸುತ್ತು ಬೇಕಾದರೆ ಗಂಟೆಗೆ ₹400, ಮೊದಲೇ ತಿಳಿಸಿ ಮಾಡುತ್ತೇನೆ. ಮೂಲಕ್ಕೆ ಹೊಸ ಪಠ್ಯ ಸೇರಿದರೆ ಅದೇ ಪದದ ದರ.
>
> ದರ: ಪದಕ್ಕೆ ₹2.50. ಮುಖ್ಯ ಪಠ್ಯ ₹60,000, ಚಿತ್ರಗಳ ಬರಹ ₹2,750, ಒಟ್ಟು ₹62,750. ನನಗೆ ಜಿಎಸ್‌ಟಿ ನೋಂದಣಿ ಇಲ್ಲ, ಹಾಗಾಗಿ ಜಿಎಸ್‌ಟಿ ಸೇರುವುದಿಲ್ಲ. ಟಿಡಿಎಸ್ ನಿಯಮದಂತೆ ಹಿಡಿಯಬಹುದು.
>
> ಪಾವತಿ: ಶುರುವಿಗೆ ₹18,825, ಆರೂ ಅಧ್ಯಾಯ ಕೊಟ್ಟಾಗ ₹25,100, ತಿದ್ದಿದ ಫೈಲ್ ಕೊಟ್ಟಾಗ ಅಥವಾ ಆರೂ ಅಧ್ಯಾಯ ಕೊಟ್ಟು 21 ದಿನ ಆದಾಗ (ಯಾವುದು ಮೊದಲೋ) ₹18,825. ಪ್ರತಿ ಬಿಲ್ಲಿಗೆ 15 ದಿನದೊಳಗೆ.
>
> ದಿನಾಂಕ: ಪದಪಟ್ಟಿ ಆಗಸ್ಟ್ 4. ಮೊದಲ ಮೂರು ಅಧ್ಯಾಯ ಆಗಸ್ಟ್ 19. ಉಳಿದ ಮೂರು ಸೆಪ್ಟೆಂಬರ್ 4. ಅಂತಿಮ ಫೈಲ್ ಮತ್ತು ಮುಂಗಡ ಜುಲೈ 31ರೊಳಗೆ ಬಂದರೆ ಈ ದಿನಾಂಕಗಳು. ತಡವಾದಷ್ಟು ದಿನ ಮುಂದಕ್ಕೆ ಹೋಗುತ್ತವೆ. ಸೋಮವಾರದಿಂದ ಶುಕ್ರವಾರ ಕೆಲಸ ಮಾಡುತ್ತೇನೆ, ಫೋನಿಗೆ ಬೆಳಗ್ಗೆ 10ರಿಂದ 1ರವರೆಗೆ ಸಿಗುತ್ತೇನೆ. ಗೌರಿ-ಗಣೇಶ ಹಬ್ಬದ ಎರಡು ದಿನ ರಜೆ.
>
> ಈ ದರ ಮತ್ತು ದಿನಾಂಕ ಜುಲೈ 24ರವರೆಗೆ ಅನ್ವಯ. ನಿಮಗೆ ಒಪ್ಪಿಗೆಯಾದರೆ ಈ ಮೇಲ್‌ಗೇ ಉತ್ತರಿಸಿ, ಮುಂಗಡದ ಬಿಲ್ಲು ಕಳಿಸುತ್ತೇನೆ. ಎರಡನೆಯ ಅಧ್ಯಾಯದ ಮೊದಲ ಪುಟದ ಅನುವಾದವನ್ನು ಮಾದರಿಗಾಗಿ ಜೊತೆಗೆ ಇಟ್ಟಿದ್ದೇನೆ.
>
> ವಂದನೆಗಳೊಂದಿಗೆ,
> (ಹೆಸರು, ಮೊಬೈಲ್, ಉದ್ಯಮ್ ಸಂಖ್ಯೆ)

ನಿಮ್ಮ ಪರಿಚಯ, ಓದು, ಅನುಭವ ಇದರಲ್ಲಿ ಇಲ್ಲ ನೋಡಿ. ಅವರೇ ಫೈಲ್ ಕಳಿಸಿ ಕೇಳಿದ್ದಾರೆ ಅಲ್ವಾ, ಪರಿಚಯ ಆಗಿಹೋಗಿದೆ. ಅದರ ಬದಲು ಅವರದೇ ಪುಸ್ತಕದ ಒಂದು ಪುಟ ಇದೆ. ಮಾದರಿ 250, 300 ಪದಕ್ಕಿಂತ ಜಾಸ್ತಿ ಬೇಡ. "ಒಂದು ಅಧ್ಯಾಯ ಮಾಡಿ ತೋರಿಸಿ, ನೋಡೋಣ" ಅಂದರೆ ಅದಕ್ಕೆ ಪದದ ದರವೇ ಹಾಕಿ. ಅಧ್ಯಾಯ ಅಂದರೆ ನಿಮ್ಮ ಎರಡು ಮೂರು ದಿನದ ಕೆಲಸ. ಮಾದರಿಗೆ ಆರಿಸುವ ಪುಟ ಕಷ್ಟದ್ದಾಗಿರಲಿ. ಮುನ್ನುಡಿಯನ್ನು ಯಾರು ಬೇಕಾದರೂ ಚೆನ್ನಾಗಿ ಅನುವಾದಿಸುತ್ತಾರೆ. ಹಾಲೂಡಿಸುವ ರೀತಿಯನ್ನು ಹಂತ ಹಂತವಾಗಿ ಹೇಳುವ ಪುಟವೋ, ಅಪಾಯದ ಲಕ್ಷಣಗಳ ಪಟ್ಟಿಯೋ ಇದ್ದರೆ ಅದನ್ನು ಹಿಡಿಯಿರಿ.

ಜಾಸ್ತಿ ಆಯಿತು ಅಂದರೆ

ಅನ್ನುತ್ತಾರೆ. "ನಮ್ಮ ಬಜೆಟ್ 55,000 ಮೇಡಂ" ಎಂದು ಬರುತ್ತದೆ ಎಂದುಕೊಳ್ಳಿ. ಕೂಡಲೇ ಪದಕ್ಕೆ 2.20 ಅನ್ನಬೇಡಿ. ಅದೇ ಕೆಲಸ, ಅದೇ ದಿನ, ಕಡಿಮೆ ಹಣ ಅಂತಾದರೆ ಮೊದಲು ಹೇಳಿದ ದರ ಸುಮ್ನೆ ಹೇಳಿದ್ದು ಎಂದಾಗುತ್ತದೆ, ಮುಂದಿನ ಕೆಲಸಕ್ಕೂ ಅವರು ಅಲ್ಲಿಂದಲೇ ಶುರು ಮಾಡುತ್ತಾರೆ. ದರ ಹಾಗೇ ಇಟ್ಟು ಕೆಲಸ ಕಡಿಮೆ ಮಾಡಿ. ಚಿತ್ರಗಳ ಬರಹವನ್ನು ಬೇರೆ ಸಾಲಿನಲ್ಲಿ ಬರೆಯಲು ಹೇಳಿದ್ದು ಇದಕ್ಕೇ. ಅದನ್ನು ಅವರ ಸಿಬ್ಬಂದಿಯೇ ಮಾಡಿಕೊಳ್ಳುವುದಾದರೆ 2,750 ಇಳಿಯುತ್ತದೆ. ಕೈಪಿಡಿಯ ಕೊನೆಯಲ್ಲಿ ಅನುಬಂಧ ಇದ್ದರೆ ನೋಡಿ. ವರದಿ ಬರೆಯುವ ನಮೂನೆಗಳು, ರಿಜಿಸ್ಟರಿನ ಹಾಳೆಗಳು ಆರೋಗ್ಯ ಇಲಾಖೆಯಲ್ಲಿ ಈಗಾಗಲೇ ಕನ್ನಡದಲ್ಲಿ ಬಳಕೆಯಲ್ಲಿದ್ದರೆ ಮತ್ತೆ ಅನುವಾದ ಮಾಡುವುದು ಯಾಕೆ? ಅಂಥ 2,000 ಪದ ತೆಗೆದರೆ ಇನ್ನೊಂದು 5,000 ಇಳಿಯಿತು. ಎರಡೂ ಸೇರಿ ಮೊತ್ತ ಸರಿಯಾಗಿ 55,000ಕ್ಕೆ ಬಂತು, ನಿಮ್ಮ 2.50 ಹಾಗೇ ಉಳಿಯಿತು.

ಒಂದನ್ನು ಮಾತ್ರ ಬಿಡಬೇಡಿ. ಹಣ ಉಳಿಸಲು "ಪಿಡಿಎಫ್ ನಾವೇ ನೋಡಿಕೊಳ್ತೀವಿ" ಅಂದರೆ ಒಪ್ಪುವ ಮುಂಚೆ ಕನ್ನಡ ಚೆನ್ನಾಗಿ ಬಲ್ಲವರು ಯಾರು ನೋಡುತ್ತಾರೆ ಎಂದು ಕೇಳಿ. ಯಾರೂ ಇಲ್ಲದಿದ್ದರೆ ಆ ಒಂದು ದಿನವನ್ನು ಒಳಗೇ ಇಟ್ಟುಕೊಳ್ಳಿ. ಆರೋಗ್ಯದ ಪುಸ್ತಕದಲ್ಲಿ ನಾನು ಇದರ ಮೇಲೆ ಚೌಕಾಸಿ ಮಾಡುವುದಿಲ್ಲ.

ಉತ್ತರ ಬರದಿದ್ದರೆ ನಾಲ್ಕು ಕೆಲಸದ ದಿನ ಕಾಯಿರಿ. ಆಮೇಲೆ ಅದೇ ಮೇಲ್‌ನ ಕೆಳಗೆ ಎರಡು ಸಾಲು: "ಆಗಸ್ಟ್ 3ರ ವಾರವನ್ನು ನಿಮ್ಮ ಕೆಲಸಕ್ಕೆ ಖಾಲಿ ಇಟ್ಟಿದ್ದೇನೆ. ಜುಲೈ 24ರೊಳಗೆ ತಿಳಿಸಿದರೆ ಅನುಕೂಲ." ಇನ್ನೇನೂ ಬೇಡ. ಫೋನಿನಲ್ಲಿ "ಓಕೆ ಮೇಡಂ, ಶುರು ಮಾಡಿ" ಅಂದರೆ ಸಂತೋಷದಿಂದ ಒಪ್ಪಿಕೊಂಡು, "ಮೇಲ್‌ಗೆ ಒಂದು ಸಾಲು ಉತ್ತರ ಹಾಕಿಬಿಡಿ, ಬಿಲ್ಲಿಗೆ ಬೇಕಾಗುತ್ತೆ" ಎಂದು ಹೇಳಿ. ಕೆಲವು ಸಂಸ್ಥೆಗಳು ವರ್ಕ್ ಆರ್ಡರ್ ಅಥವಾ ಪಿಒ ಕಳಿಸುತ್ತವೆ. ಅದರಲ್ಲಿ ಮೊತ್ತ ಸರಿಯಾಗಿದ್ದು "ಅನುಮೋದನೆಯ ನಂತರ ಪಾವತಿ" ಅನ್ನುವ ಸಾಲು ಹೊಸದಾಗಿ ನುಸುಳಿರುತ್ತದೆ. ಅದನ್ನು ಓದಿ, ನಿಮ್ಮ ಮೇಲ್‌ನ ಪಾವತಿ ಸಾಲಿಗೆ ತಿದ್ದಿಸಿಕೊಂಡು, ಮುಂಗಡ ಖಾತೆಗೆ ಬಂದ ಮೇಲೆ ಪದಪಟ್ಟಿ ಕೈಗೆತ್ತಿಕೊಳ್ಳಿ.